ಟ್ರಾಫಿಕ್‌ನಲ್ಲಿ ಮಾತ್ರ ಎಂಜಿನ್ ಬಿಸಿಯಾಗುತ್ತಿದ್ದರೆ ಹೆಡ್ ಬಿಚ್ಚಲು ಬಿಡಬೇಡಿ

ಹೈವೇಯಲ್ಲಿ ಎಂತದೂ ಇಲ್ಲ, ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಎಂಜಿನ್ ಕಾಯುತ್ತದೆ ಅಂತಾದರೆ, ಎಂಜಿನ್ ಮೇಲ್ಭಾಗದ ಹೆಡ್‌ನ ಗ್ಯಾಸ್ಕೆಟ್ ಹೋಗಿದೆ ಎಂಬ ಮಾತು ಬಂದಾಗ ಸ್ವಲ್ಪ ತಡೆಯಿರಿ ಮಾರಾಯ್ರೇ. ನನ್ನ ಹಳೇ ಕಾರು ಉಡುಪಿಯಿಂದ ಸುರತ್ಕಲ್ ತನಕ ಆರಾಮಾಗಿ ಬರುತ್ತಿತ್ತು, ಟೆಂಪರೇಚರ್ ಮುಳ್ಳು ಅರ್ಧ ದಾಟುತ್ತಿರಲಿಲ್ಲ. ಮಂಗಳೂರಿನ ನಂತೂರಿನಲ್ಲಿ ವಾಹನಗಳ ಸಾಲಿನಲ್ಲಿ ನಿಂತರೆ ಸಾಕು, ಕೆಂಪು ಗೆರೆಗೆ ಹೋಗುತ್ತಿತ್ತು.

ಗ್ಯಾರೇಜಿನವರು ರೇಡಿಯೇಟರ್ ಬದಲಾಯಿಸಿದರು, ಥರ್ಮೋಸ್ಟಾಟ್ ಕಿತ್ತು ಹಾಕಿದರು, ಕೊನೆಗೆ ಹೆಡ್ ಇಳಿಸಬೇಕು ಅಂದರು. "ಫ್ಯಾನ್ ನೋಡಿದಿರಾ?" ಅಂತ ಕೇಳಿದರೆ, ಎಸಿ ಹಾಕಿ "ನೋಡಿ, ತಿರುಗ್ತಾ ಉಂಟಲ್ವಾ" ಅಂತ ತೋರಿಸಿದರು. ಮೋಸ ಇದ್ದದ್ದೇ ಅಲ್ಲಿ. ನನ್ನ ಕಾರಿನಲ್ಲಿ ಎರಡು ಫ್ಯಾನ್. ತಿರುಗಿದ್ದು ಎಸಿ ಕಂಡೆನ್ಸರಿನದ್ದು, ರೇಡಿಯೇಟರ್ ಫ್ಯಾನ್ ಸುಮ್ನೆ ನಿಂತಿತ್ತು! ಓಡುವಾಗ ಎದುರು ಗಾಳಿಯೇ ರೇಡಿಯೇಟರನ್ನು ತಣ್ಣಗೆ ಇಡುತ್ತದೆ, ನಿಂತಾಗ ಆ ಕೆಲಸ ಫ್ಯಾನಿನದ್ದು.

ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಎಂಜಿನ್ ತಣ್ಣಗಿರುವಾಗಲೇ ಹಿಡಿದುಕೊಟ್ಟರು. ರೇಡಿಯೇಟರ್ ಕೆಳಗಿನ ಟೆಂಪರೇಚರ್ ಸ್ವಿಚ್ಚಿನ ಕನೆಕ್ಟರ್ ಕಳಚಿ, ಅದರ ಎರಡೂ ಪಿನ್ನನ್ನು ತುಂಡು ವೈರಿನಿಂದ ಸೇರಿಸಿ ಇಗ್ನಿಷನ್ ಆನ್ ಮಾಡಿದರು. ಆಗ ಫ್ಯಾನ್ ತಿರುಗಿದ್ದರೆ ಸ್ವಿಚ್ ಮೇಲೆಯೇ ಸಂಶಯ, ಅದನ್ನು ಬಿಚ್ಚಿ ಬಿಸಿನೀರಿನಲ್ಲಿ ಅದ್ದಿ ಮಲ್ಟಿಮೀಟರ್ ಹಿಡಿದು ನೋಡಬಹುದು. ಸಾಮಾನ್ಯವಾಗಿ 90ರಿಂದ 95 ಡಿಗ್ರಿಯ ಆಸುಪಾಸಿನಲ್ಲಿ ಕೂಡಿಕೊಳ್ಳಬೇಕು. ನನ್ನದರಲ್ಲಿ ಫ್ಯಾನಿಗೆ ಕರೆಂಟ್ ಬಿಡುವ ರಿಲೇ 'ಟಿಕ್' ಅಂದಿತು, ಫ್ಯಾನ್ ಮಾತ್ರ ಅಲುಗಾಡಲಿಲ್ಲ. ಅಂದರೆ ರಿಲೇಯ ಕಾಯಿಲ್‌ಗೆ ಕರೆಂಟ್ ಬರುತ್ತಿದೆ, ಒಂದೋ ರಿಲೇಯ ಕಾಂಟ್ಯಾಕ್ಟ್ ದಾಟಿ ಫ್ಯಾನಿಗೆ ಹೋಗುತ್ತಿಲ್ಲ, ಇಲ್ಲವೇ ಫ್ಯಾನಿನ ಮೋಟರೇ ಕೆಟ್ಟಿದೆ.

ಪಕ್ಕದಲ್ಲೇ ಅದೇ ನಂಬರಿನ ಹಾರ್ನ್ ರಿಲೇ ಇತ್ತು. ಅದನ್ನು ಕಿತ್ತು ಫ್ಯಾನಿನ ಜಾಗಕ್ಕೆ ಹಾಕಿದ ಕೂಡಲೇ ಫ್ಯಾನ್ ಗರ್ರಂತ ಶುರುವಾಯಿತು. ಹಳೇ ರಿಲೇಯ ಮುಚ್ಚಳ ತೆಗೆದರೆ ಒಳಗೆ ಕಾಂಟ್ಯಾಕ್ಟ್ ಸುಟ್ಟು ಕರಿ ಹಿಡಿದಿತ್ತು, ಕಾಲುಗಳಿಗೆ ಹಸಿರು ಕಿಲುಬು. ನಮ್ಮ ಕಡಲ ಗಾಳಿಗೆ ಅದು ಹೊಸತಲ್ಲ ಬಿಡಿ. ಹೊಸ ರಿಲೇಗೆ ಕೊಟ್ಟದ್ದು ಕೆಲವೇ ನೂರು ರೂಪಾಯಿ, ಥರ್ಮೋಸ್ಟಾಟ್ ಮತ್ತೆ ಹಾಕಿಸಲು ಅದಕ್ಕಿಂತ ಜಾಸ್ತಿ ಆಯಿತು.

ಆದರೆ ಈ ವೈರ್ ಸೇರಿಸುವ ಕೆಲಸ ಎರಡು ಪಿನ್ನಿನ ಸ್ವಿಚ್ ಇರುವ ಹಳೇ ಗಾಡಿಗೆ ಮಾತ್ರ. ಈಗಿನ ಕಾರುಗಳಲ್ಲಿ ಅಲ್ಲಿರುವುದು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುಗೆ ಲೆಕ್ಕ ಕೊಡುವ ಸೆನ್ಸರ್, ಅದಕ್ಕೆ ವೈರ್ ಮುಟ್ಟಿಸಬೇಡಿ, ಸ್ಕ್ಯಾನರ್ ಹಾಕಿಸಿ. ಹೊಸ ರಿಲೇ ಹಾಕುವ ಮೊದಲು ಫ್ಯಾನನ್ನು ಬ್ಯಾಟರಿ ವೈರ್ ಕಳಚಿ ಕೈಯಲ್ಲಿ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಮೋಟರ್ ಜಾಸ್ತಿ ಕರೆಂಟ್ ಎಳೆದು ಹೊಸ ರಿಲೇಯನ್ನೂ ಸುಡುತ್ತದೆ.