ಯೂನಿಫಾರ್ಮ್ ಜೇಬಿನ ಎರಡು ಕಲೆ: ಸ್ಪಿರಿಟ್, ನಿಂಬೆ, ಬ್ಲೀಚ್

ಮಗಳ ಬಿಳಿ ಟೆರಿಕಾಟ್ ಶರ್ಟಿನ ಜೇಬಿನ ಮೇಲೆ ಬ್ಯಾಡ್ಜ್ ಪಿನ್ನಿನ ತುಕ್ಕು, ಕೆಳಗೆ ಬಾಲ್ ಪೆನ್ನಿನ ಇಂಕು. ಎರಡಕ್ಕೂ ಬ್ಲೀಚ್ ಹಾಕಿಬಿಡಿ ಅಂತಾರೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ. ನನ್ನ ಪ್ರಕಾರ ಎರಡಕ್ಕೂ ಅದು ಬೇಡ.

ಇಂಕಿಗೆ ಸ್ಯಾನಿಟೈಸರ್, ಸರ್ಜಿಕಲ್ ಸ್ಪಿರಿಟ್ ಎರಡನ್ನೂ ಹಾಕಿ ನೋಡಿದೆ. ಬಾಲ್ ಪೆನ್ ಇಂಕು ಕರಗುವುದು ಆಲ್ಕೋಹಾಲಿನಲ್ಲಿ, ಆದ್ದರಿಂದ ಎರಡೂ ಕೆಲಸ ಮಾಡುತ್ತವೆ. ಆದರೆ ಜೆಲ್ ಸ್ಯಾನಿಟೈಸರ್ ಅಂಟಂಟಾಗಿ ಉಳಿಯುತ್ತದೆ. ಮೆಡಿಕಲ್ ಶಾಪಿನ ಸ್ಪಿರಿಟ್ಟೇ ಮೇಲು. ಕಲೆಯ ಕೆಳಗೆ ಹಳೇ ಬಟ್ಟೆ ಮಡಚಿಟ್ಟು, ಹತ್ತಿಯಲ್ಲಿ ಸ್ಪಿರಿಟ್ ಅದ್ದಿ, ಅಂಚಿನಿಂದ ನಡುವಿಗೆ ಒತ್ತುತ್ತಾ ಬನ್ನಿ. ಉಜ್ಜಿದರೆ ಕಲೆ ಹರಡುತ್ತದೆ, ನೂಲೂ ಎದ್ದುಬರುತ್ತದೆ. ಅಡಿಯ ಬಟ್ಟೆಗೆ ನೀಲಿ ಇಳಿದಾಗಲೆಲ್ಲ ಅದನ್ನು ಜರುಗಿಸಬೇಕು. ಒಲೆಯ ಹತ್ತಿರ ಬೇಡ, ಬೆಂಕಿ ಹತ್ತುತ್ತದೆ. ಜೆಲ್ ಪೆನ್ನಿನ ಕಲೆ ಮಾತ್ರ ಇದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ.

ತುಕ್ಕಿನ ವಿಷಯವೇ ಬೇರೆ. ಅದು ಕಬ್ಬಿಣ, ಸೋಪಿಗಾಗಲಿ ಸ್ಪಿರಿಟ್ಟಿಗಾಗಲಿ ಹೋಗದು, ಆಮ್ಲವೇ ಬೇಕು. ಬ್ಲೀಚ್ ಅದನ್ನು ತೆಗೆಯುವುದಿಲ್ಲ. ಅಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಕಬ್ಬಿಣ ಇರುವ ಜಾಗದಲ್ಲಿ ಬ್ಲೀಚ್ ಹತ್ತಿಯ ಎಳೆಯನ್ನು ಇನ್ನೂ ಬೇಗ ತಿನ್ನುತ್ತದೆ. ಕೆಲವು ಒಗೆತಗಳಾದ ಮೇಲೆ ತುಕ್ಕಿದ್ದ ಜಾಗದಲ್ಲೇ ತೂತು ಬೀಳುವುದು ಇದರಿಂದ.

ಹಾಗಾಗಿ ನಿಜವಾದ ಪೈಪೋಟಿ ನಿಂಬೆರಸ-ಉಪ್ಪಿಗೂ ಅಂಗಡಿಯ ನಿಂಬೆ ಉಪ್ಪಿಗೂ, ಅಂದರೆ ಸಿಟ್ರಿಕ್ ಆಸಿಡ್‌ಗೂ. ನಿಂಬೆರಸ ಹೊಸ ಕಲೆಗೆ ಸಾಕು. ಆದರೆ ಉಪ್ಪಿನ ಹರಳು ಹಾಕಿ ತಿಕ್ಕುವಾಗ ನೇಯ್ಗೆ ಸವೆಯುತ್ತದೆ, ಬಿಸಿಲಲ್ಲಿ ಒಣಗಲು ಬಿಟ್ಟರೆ ನೀರು ಆರಿ ಆಮ್ಲ ಗಟ್ಟಿಯಾಗಿ ಹತ್ತಿಯನ್ನು ದುರ್ಬಲ ಮಾಡುತ್ತದೆ. ನನ್ನ ಆಯ್ಕೆ ನಿಂಬೆ ಉಪ್ಪು: ಒಂದು ಲೋಟ ಬೆಚ್ಚನೆ ನೀರಿಗೆ ಒಂದು ಟೀ ಚಮಚ. ಜೇಬಿನ ಭಾಗವನ್ನಷ್ಟೇ ಅರ್ಧ ಗಂಟೆ ಮುಳುಗಿಸಿಡಿ. ಕಿತ್ತಳೆ ಬಣ್ಣ ತಿಳಿಹಳದಿಗೆ ತಿರುಗಿದರೆ ಕರಗುತ್ತಿದೆ ಎಂದರ್ಥ. ಹೊಸದಾಗಿ ಕಲಸಿದ ನಿಂಬೆ ಉಪ್ಪಿನ ನೀರಲ್ಲಿ ಇನ್ನೊಮ್ಮೆ ನೆನೆಸಿ. ಆಮೇಲೆ ಚೆನ್ನಾಗಿ ಜಾಲಿಸಿ, ಚಿಟಿಕೆ ಅಡುಗೆ ಸೋಡಾ ಕರಗಿಸಿದ ನೀರಲ್ಲಿ ಅದ್ದಿ, ಮತ್ತೆ ಜಾಲಿಸಿ. ಆಮ್ಲ ಉಳಿದ ಬಟ್ಟೆಗೆ ಇಸ್ತ್ರಿ ಬಿದ್ದರೆ ಆ ಜಾಗ ಕಂದಾಗಿ ಪುಡಿಯಾಗುತ್ತದೆ, ಇಸ್ತ್ರಿಯವರಿಗೆ ಕೊಡುವ ಮುನ್ನ ಈ ಸೋಡಾ ನೀರಿನ ಹಂತ ಬಿಡಬೇಡಿ.

ಎರಡೂ ಕಲೆಯಿದ್ದರೆ ಮೊದಲು ಇಂಕು, ಜಾಲಿಸಿದ ಮೇಲೆ ತುಕ್ಕು. ಬ್ಲೀಚ್ ಹಾಕಿದ ಬಟ್ಟೆಗೆ ನಿಂಬೆ ತಾಕಿಸಲೇಬಾರದು, ಉಸಿರುಗಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ. ನೀಲಿ ಸ್ಕರ್ಟ್, ಟೈಗಾದರೆ ಒಳಮಡಿಕೆಯ ಅಂಚಿಗೆ ಮೊದಲು ಸ್ಪಿರಿಟ್ ಅಥವಾ ನಿಂಬೆ ಉಪ್ಪಿನ ನೀರು, ಬಳಸುವುದು ಯಾವುದೋ ಅದರ ಒಂದು ಹನಿ ಹಚ್ಚಿ, ಬಿಳಿ ಹತ್ತಿಯಿಂದ ಒತ್ತಿ ನೋಡಿ. ಹತ್ತಿಗೆ ಬಣ್ಣ ಬಂದರೆ ಅಲ್ಲಿಗೇ ಬಿಡಿ, ಡ್ರೈಕ್ಲೀನಿಂಗ್ ಅಂಗಡಿಗೆ ಕೊಡಿ.