ಟೈಟಲ್ ಮೇಲಿನ ನೀಲಿ ಸಾಲಿಗೆ ಯಾರಿಗೂ ದುಡ್ಡು ಕೊಡಬೇಡಿ

ಸಣ್ಣ ಯೂಟ್ಯೂಬ್ ಚಾನೆಲ್ ನಡೆಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ವಿಡಿಯೋ ಟೈಟಲ್ ಮೇಲೆ ನೀಲಿ ಅಕ್ಷರದಲ್ಲಿ ಮೂರು ಹ್ಯಾಶ್‌ಟ್ಯಾಗ್ ಕಾಣುತ್ತವಲ್ಲ, ಅದಕ್ಕೆ "ಟಾಪ್ ಲೈನ್ ಬ್ರ್ಯಾಂಡಿಂಗ್" ಅಂತ ಹೆಸರಿಟ್ಟು ಮಾರುತ್ತಿದ್ದಾರೆ. ನನ್ನ ಹತ್ತಿರ 6,500 ರೂಪಾಯಿ ತೆಗೆದುಕೊಂಡರು. ಅದು ಪುಕ್ಕಟೆ ಸಿಗುವ ಸಂಗತಿ. ಒಂದು ಪೈಸೆ ಖರ್ಚಿಲ್ಲ. ಡಿಸ್ಕ್ರಿಪ್ಷನ್‌ನಲ್ಲಿ ನೀವು ಬರೆಯುವ ಹ್ಯಾಶ್‌ಟ್ಯಾಗ್‌ಗಳಲ್ಲಿ ಮೂರರವರೆಗೆ ಯೂಟ್ಯೂಬ್ ತಾನೇ ಎತ್ತಿ ಅಲ್ಲಿ ತೋರಿಸುತ್ತದೆ. ಅಷ್ಟೇ.

ನನ್ನದು ಹೊಲಿಗೆ ಚಾನೆಲ್. ಬ್ಲೌಸ್ ಕಟಿಂಗ್, ಸ್ಟಿಚಿಂಗ್, ಫಾಲ್ ಹಾಕುವುದು, ಇಂಥವು. ಮನೆಯಲ್ಲಿ ಕ್ಲಾಸ್ ಕೂಡ ಮಾಡುತ್ತೇನೆ. ಚಾನೆಲ್ ಬೆಳೆಸಿಕೊಡುತ್ತೇವೆ ಅಂತ ಒಬ್ಬರು ಫೋನ್ ಮಾಡಿದರು. ಮಾತು ಬಹಳ ಮರ್ಯಾದೆಯಿಂದ ಇತ್ತು. ಒಂದು ದೊಡ್ಡ ಚಾನೆಲ್‌ನ ಸ್ಕ್ರೀನ್‌ಶಾಟ್ ಕಳಿಸಿ, ಟೈಟಲ್ ಮೇಲಿನ ನೀಲಿ ಸಾಲಿಗೆ ಕೆಂಪು ಸುತ್ತು ಹಾಕಿದ್ದರು. "ನೋಡಿ ಮೇಡಂ, ಇದು ಎಲ್ಲರಿಗೂ ಬರಲ್ಲ. ಯೂಟ್ಯೂಬ್ ಅಪ್ರೂವ್ ಮಾಡಿದ ಚಾನೆಲ್‌ಗೆ ಮಾತ್ರ. ನಮಗೆ ಪಾರ್ಟ್‌ನರ್ ಅಕ್ಸೆಸ್ ಇದೆ, ನಾವು ಆನ್ ಮಾಡಿಸ್ತೀವಿ." ಅಪ್ರೂವಲ್ ಅಂತ ಒಂದು ಇಲ್ಲವೇ ಇಲ್ಲ. ಆನ್ ಮಾಡುವ ಬಟನ್ನೂ ಇಲ್ಲ. ಇಂದು ಶುರುವಾದ ಚಾನೆಲ್‌ಗೂ ಆ ಸಾಲು ಬರುತ್ತದೆ.

ದುಡ್ಡು ಹಾಕಿದ ಮೇಲೆ ಚಾನೆಲ್‌ಗೆ ಮ್ಯಾನೇಜರ್ ಪರ್ಮಿಷನ್ ಕೇಳಿದರು. ಕೆಲಸ ಕೊಟ್ಟ ಮೇಲೆ ಕೊಡದೇ ಇರೋಕಾಗುತ್ತಾ? ಕೊಟ್ಟೆ. ಮರುದಿನ ನನ್ನ ಪ್ರಿನ್ಸೆಸ್ ಕಟ್ ಬ್ಲೌಸ್ ವಿಡಿಯೋ ಮೇಲೆ ನೀಲಿ ಸಾಲು ಬಂದಿತ್ತು. ಡಿಸ್ಕ್ರಿಪ್ಷನ್ ಹೀಗಿತ್ತು, ಮೂರನೆಯದರ ಜಾಗದಲ್ಲಿ ಅವರ ಕಂಪನಿ ಹೆಸರು ಅಂದುಕೊಳ್ಳಿ:

```
#viral #trending #ಅವರಕಂಪನಿ
```

ನನ್ನ ವಿಡಿಯೋ. ನನ್ನ ಟೈಟಲ್. ಅದರ ನೆತ್ತಿಯ ಮೇಲೆ ಅವರ ಹೆಸರು. "ಮೂರನೆಯದು ಏನು ಸರ್?" ಅಂತ ಕೇಳಿದೆ. "ಅದು ಬ್ಯಾಕ್‌ಎಂಡ್ ಕೋಡ್ ಮೇಡಂ, ತೆಗೆದರೆ ಲೈನೇ ಹೋಗುತ್ತೆ" ಅಂದರು.

ಆಮೇಲೆ ನಮ್ಮ ಕ್ಲಾಸಿನ ಹುಡುಗಿಯೊಬ್ಬಳು ಎಲ್ಲರ ಎದುರಿಗೇ ಕೇಳಿದಳು. "ಅಕ್ಕಾ, ನಿಮ್ಮ ವಿಡಿಯೋ ಮೇಲೆ ನೀಲಿ ಅಕ್ಷರ ಒತ್ತಿದರೆ ಯಾರದೋ ಸೈಟ್ ಮಾರಾಟದ ವಿಡಿಯೋ ಬರ್ತಿದೆ. ನೀವು ಅವರಿಗೆ ಅಡ್ವರ್ಟೈಸ್‌ಮೆಂಟ್ ಮಾಡ್ತಿದೀರಾ?" ಅವಳ ಫೋನ್ ತೆಗೆದುಕೊಂಡು ನಾನೇ ಒತ್ತಿದೆ. ಅವರ ಹ್ಯಾಶ್‌ಟ್ಯಾಗ್‌ನ ಪುಟ ತೆರೆಯಿತು. ಮೇಲೆ ಸೈಟ್ ಮಾರಾಟ, ಕೆಳಗೆ ಕೂದಲಿನ ಎಣ್ಣೆ, ಅದರ ಕೆಳಗೆ ಸಾಲ ಕೊಡುವ ಆ್ಯಪ್. ಅವರ ಹತ್ತಿರ ದುಡ್ಡು ಕೊಟ್ಟವರದೆಲ್ಲ ಸಾಲಾಗಿ ನಿಂತಿತ್ತು. ನನ್ನ ವಿಡಿಯೋ ನೋಡಲು ಬಂದ ಹೆಣ್ಣುಮಕ್ಕಳನ್ನು ನನ್ನದೇ ವಿಡಿಯೋದಿಂದ ಎತ್ತಿ ಅಲ್ಲಿಗೆ ಬಿಡುತ್ತಿತ್ತು ಆ ಸಾಲು. ಮತ್ತೆ ಹಿಂದೆ ಬಂದು #viral ಒತ್ತಿದೆ. ಜಗಳ, ಡಾನ್ಸ್, ಪ್ರ್ಯಾಂಕ್. ಎಷ್ಟು ಸರಿಸಿದರೂ ಒಂದು ಬ್ಲೌಸ್ ಇಲ್ಲ. ಮಕ್ಕಳ ಎದುರು ತಲೆ ಎತ್ತಲು ಆಗಲಿಲ್ಲ ನನಗೆ. ನಾನು ದುಡ್ಡು ಕೊಟ್ಟು ಅವರಿಗೆ ಬಿಟ್ಟಿ ಜಾಹೀರಾತು ಮಾಡಿಕೊಟ್ಟ ಹಾಗಾಯಿತು. ಇದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇಲ್ಲಿ ಎಲ್ಲರಿಗೂ ಗೊತ್ತಿರಬೇಕಾದದ್ದು ಇದು. ಆ ಮೂರು ಪದಗಳು ಅಲಂಕಾರಕ್ಕೆ ಇರುವುದಲ್ಲ, ಅವು ಲಿಂಕ್. ಒತ್ತಿದವರು ಆ ಹ್ಯಾಶ್‌ಟ್ಯಾಗ್ ಇರುವ ಎಲ್ಲರ ವಿಡಿಯೋಗಳ ಪುಟಕ್ಕೆ ಹೋಗುತ್ತಾರೆ. ನಿಮ್ಮ ವಿಡಿಯೋ ಬಿಟ್ಟು ಹೋಗುತ್ತಾರೆ. ಹಾಗಾಗಿ ಅಲ್ಲಿ ಏನು ಹಾಕುತ್ತೀರಿ ಅಂದರೆ, ನಿಮ್ಮ ನೋಡುಗರನ್ನು ಎಲ್ಲಿಗೆ ಕಳಿಸುತ್ತೀರಿ ಅಂತಲೇ ಅರ್ಥ. ಫೋನಿನಲ್ಲಿ ಅಥವಾ ಈಗಿನ ಪುಟದಲ್ಲಿ ಟೈಟಲ್ ಕೆಳಗೆ, ವ್ಯೂಸ್ ಇರುವ ಸಾಲಿನ ಹತ್ತಿರ ಕಂಡರೂ ಕೆಲಸ ಇದೇ.

ಬೈದೆ. ಉತ್ತರವಾಗಿ ಒಂದು ಸ್ಕ್ರೀನ್‌ಶಾಟ್ ಬಂತು. ಯೂಟ್ಯೂಬ್ ಸ್ಟುಡಿಯೋದಲ್ಲಿ Tags ಅನ್ನುವ ಪೆಟ್ಟಿಗೆ, ಅದರ ತುಂಬ "ಬ್ಲೌಸ್ ಬ್ಲೌಸ್ ಬ್ಲೌಸ್". "ನಿಮ್ಮ ಕೀವರ್ಡ್ ಎಲ್ಲಾ ಇಲ್ಲಿ ಹಾಕಿದೀವಿ ಮೇಡಂ, ಸುಮ್ನೆ ಟೆನ್ಷನ್ ಮಾಡ್ಕೊಬೇಡಿ." ಆ ಪೆಟ್ಟಿಗೆಯೇ ಬೇರೆ, ಇದೇ ಬೇರೆ. ಅಲ್ಲಿ 500 ಅಕ್ಷರ ಹಿಡಿಸುತ್ತದೆ, ಅಲ್ಲಿ ಬರೆದದ್ದು ಟೈಟಲ್ ಮೇಲೆ ಬರುವುದೇ ಇಲ್ಲ. ಜನ ಹುಡುಕುವಾಗ ತಪ್ಪು ಸ್ಪೆಲ್ಲಿಂಗ್ ಬರೆಯುವಂಥ ಪದ ಇದ್ದರೆ ಉಪಯೋಗ, ಉಳಿದಂತೆ ವಿಡಿಯೋ ಹುಡುಕಿ ಸಿಗುವುದರಲ್ಲಿ ಅದರ ಪಾತ್ರ ಬಹಳ ಕಡಿಮೆ ಅಂತ ಯೂಟ್ಯೂಬ್‌ನ ಸಹಾಯ ಪುಟದಲ್ಲೇ ಇದೆ. ಹೆಸರು ಒಂದೇ ಥರ ಇರುವುದರಿಂದ ಜನ ಗೊಂದಲ ಮಾಡಿಕೊಳ್ಳುತ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ರೀಚ್ ಬರಲಿಲ್ಲ ಅಂತ ನಾನು ಗಲಾಟೆ ಮಾಡಿದ್ದಕ್ಕೆ "ಫ್ರೀಯಾಗಿ ಬೂಸ್ಟ್ ಮಾಡಿಕೊಡ್ತೀವಿ" ಅಂದರು. ಎರಡು ದಿನದಲ್ಲಿ ನೀಲಿ ಸಾಲೇ ಮಾಯ. ಕೇಳಿದರೆ, "ಯೂಟ್ಯೂಬ್ ನಿಮ್ಮ ಚಾನೆಲ್‌ಗೆ ಪೆನಾಲ್ಟಿ ಹಾಕಿದೆ ಮೇಡಂ. ಕ್ಲಿಯರ್ ಮಾಡಿಸೋಕೆ 2,000 ಆಗುತ್ತೆ." ಪೆನಾಲ್ಟಿ ಅಂದ ಕೂಡಲೇ ಕೈಕಾಲು ತಣ್ಣಗಾಯಿತು. ವರ್ಷಗಳಿಂದ ಕಷ್ಟಪಟ್ಟ ಚಾನೆಲ್ ಅಲ್ವಾ? ಆದರೆ ಈ ಸಲ ದುಡ್ಡು ಹಾಕುವ ಮೊದಲು ಡಿಸ್ಕ್ರಿಪ್ಷನ್ ಪೂರ್ತಿ ಕೆಳಗಿನ ತನಕ ಓದಿದೆ. ಕೊನೆಯಲ್ಲಿ ಹ್ಯಾಶ್‌ಟ್ಯಾಗ್‌ಗಳ ದೊಡ್ಡ ರಾಶಿ. ಊರುಗಳ ಹೆಸರು, ಕ್ರಿಕೆಟ್, ಒಬ್ಬ ಸಿನಿಮಾ ನಟರ ಹೆಸರು, ಏನೇನೋ. ಎಣಿಸಿದರೆ 60 ದಾಟಿತ್ತು.

ಕಾರಣ ಅದೇ. ಒಂದು ವಿಡಿಯೋದಲ್ಲಿ 60ಕ್ಕಿಂತ ಜಾಸ್ತಿ ಹ್ಯಾಶ್‌ಟ್ಯಾಗ್ ಇದ್ದರೆ ಯೂಟ್ಯೂಬ್ ಆ ವಿಡಿಯೋದ ಎಲ್ಲ ಹ್ಯಾಶ್‌ಟ್ಯಾಗ್‌ಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೆಚ್ಚಾದವನ್ನು ಮಾತ್ರ ಅಲ್ಲ, ಎಲ್ಲವನ್ನೂ. ಆ ರಾಶಿ ಅಳಿಸಿ ಸೇವ್ ಮಾಡಿದೆ. ಸಾಲು ವಾಪಸ್ ಬಂತು. 2,000 ರೂಪಾಯಿಯ ಕೆಲಸ ಅದು! ಅವರೇ ಕೆಡಿಸಿ, ಅವರೇ ಸರಿ ಮಾಡಲು ದುಡ್ಡು ಕೇಳಿದರು. ಅದಕ್ಕಿಂತ ದೊಡ್ಡ ಅಪಾಯ ಆ ನಟರ ಹೆಸರು. ವಿಡಿಯೋಗೆ ಸಂಬಂಧವೇ ಇಲ್ಲದ, ದಾರಿ ತಪ್ಪಿಸುವ ಹ್ಯಾಶ್‌ಟ್ಯಾಗ್ ಹಾಕುವುದು ಯೂಟ್ಯೂಬ್ ನಿಯಮಕ್ಕೆ ವಿರುದ್ಧ, ವಿಡಿಯೋ ತೆಗೆದುಹಾಕಬಹುದು. ತೆಗೆದರೆ ಹೋಗುವುದು ನನ್ನ ವಿಡಿಯೋ, ಅವರದಲ್ಲ.

"ಹೀಗೆ ಯಾಕೆ ಮಾಡಿದಿರಿ?" ಅಂತ ಕೇಳಿದ್ದಕ್ಕೆ ಬಂದ ಉತ್ತರ: "ನಿಮಗೆ ಎಸ್ಇಒ ಗೊತ್ತಿಲ್ಲ ಮೇಡಂ, ನಮ್ಮ ಟೀಮ್‌ಗೆ ಗೊತ್ತು." ದುಡ್ಡು ವಾಪಸ್ ಕೊಡಿ ಅಂದೆ. "ಸರ್ವಿಸ್ ಡೆಲಿವರ್ ಆಗಿದೆ." ಅಷ್ಟೇ. ಆಮೇಲೆ ನನ್ನ ಮೆಸೇಜ್‌ಗೆ ನೀಲಿ ಟಿಕ್ ಕೂಡ ಬೀಳಲಿಲ್ಲ.

ಅವರ ಪರ್ಮಿಷನ್ ತೆಗೆದೆ, ಹಳೆಯ ವಿಡಿಯೋ ಸರಿ ಮಾಡಿದೆ. ಹೊಸ ವಿಡಿಯೋ ಹಾಕಿದರೆ ಮತ್ತೆ ಅವರ ಹೆಸರು ಮೇಲೆ! ಚಾನೆಲ್ ಹ್ಯಾಕ್ ಆಯಿತು ಅಂತ ಎದೆ ಒಡೆದುಹೋಯಿತು. ಹ್ಯಾಕ್ ಅಲ್ಲ. ಸ್ಟುಡಿಯೋದಲ್ಲಿ Settings ಒಳಗೆ Upload defaults ಅಂತ ಇದೆ. ಅಲ್ಲಿನ Description ಪೆಟ್ಟಿಗೆಯಲ್ಲಿ ಏನು ಬರೆದಿಟ್ಟರೂ ಬ್ರೌಸರ್‌ನಿಂದ ಮಾಡುವ ಪ್ರತಿ ಹೊಸ ಅಪ್‌ಲೋಡ್‌ನಲ್ಲಿ ತಾನಾಗಿ ಬಂದು ಕೂರುತ್ತದೆ. ಅವರು ತಮ್ಮ ಮೂರು ಪದ ಅಲ್ಲಿ ಬರೆದಿಟ್ಟು ಹೋಗಿದ್ದರು. ನಾನು ಕೆಳಗೆ ನನ್ನ ಹ್ಯಾಶ್‌ಟ್ಯಾಗ್ ಎಷ್ಟು ಬರೆದರೂ ಮೇಲೆ ಕಾಣುವುದು ಅವರದೇ ಆಗುತ್ತಿತ್ತು. ಪರ್ಮಿಷನ್ ತೆಗೆದ ಮಾತ್ರಕ್ಕೆ ಅದು ಹೋಗುವುದಿಲ್ಲ. ಅಲ್ಲಿ ಅಳಿಸಿದರೂ ಹಳೆಯ ವಿಡಿಯೋಗಳು ಹಾಗೇ ಇರುತ್ತವೆ. ಎರಡು ಕಡೆಯೂ ಬೇರೆ ಬೇರೆಯಾಗಿ ಅಳಿಸಬೇಕು. ಯಾರಿಗಾದರೂ ಚಾನೆಲ್ ಕೊಟ್ಟು ವಾಪಸ್ ತೆಗೆದುಕೊಂಡಿದ್ದರೆ ಮೊದಲು ಆ ಪೆಟ್ಟಿಗೆ ತೆಗೆದು ನೋಡಿ. ಈಗಲೇ ನೋಡಿ.

ಇನ್ನು ಅಲ್ಲಿ ಏನು ಹಾಕಬೇಕು? ಅದೇ ಪ್ರಿನ್ಸೆಸ್ ಕಟ್ ವಿಡಿಯೋಗೆ ನಾನು ಈಗ ಹಾಕಿರುವುದು:

```
#princesscutblouse #blousecutting #ನನ್ನಚಾನೆಲ್
```

ಮೂರನೆಯದರಲ್ಲಿ ನನ್ನ ಚಾನೆಲ್ ಹೆಸರು ಇದೆ, ಇಲ್ಲಿ ಬರೆದಿಲ್ಲ. ಮೊದಲನೆಯದು ಈ ವಿಡಿಯೋದಲ್ಲಿ ಇರುವ ವಸ್ತು ಮಾತ್ರ. ನೋಡಿದವರಿಗೆ ತಾವು ಹುಡುಕಿದ್ದು ಇದೇ ಅಂತ ಕಣ್ಣಿಗೆ ಬೀಳಬೇಕು. ಕಟೋರಿ ಬ್ಲೌಸ್ ವಿಡಿಯೋಗೆ ಇದನ್ನೇ ಕಾಪಿ ಮಾಡಿದರೆ ಸುಳ್ಳಾಗುತ್ತದೆ. ಹಾಗಾಗಿ ಮೊದಲನೆಯದನ್ನು ಪ್ರತಿ ವಿಡಿಯೋಗೂ ಹೊಸದಾಗಿ ಬರೆಯುತ್ತೇನೆ. ಎರಡನೆಯದು ಸ್ವಲ್ಪ ಅಗಲವಾದ ವಿಷಯ. ಮೂರನೆಯದು ಮುಖ್ಯ. ಚಾನೆಲ್ ಹೆಸರನ್ನು ಬೇರೆ ಯಾರೂ ಬಳಸದ ಹಾಗೆ ಸೇರಿಸಿ ಬರೆದರೆ, ಅದನ್ನು ಒತ್ತಿದವರಿಗೆ ಸಿಗುವುದು ನಿಮ್ಮದೇ ವಿಡಿಯೋಗಳು. ಆ ಜಾಗವನ್ನೇ ಅವರು ನನ್ನಿಂದ ಕಿತ್ತುಕೊಂಡಿದ್ದು.

ಹಾಕುವ ಮೊದಲು ಆ ಹ್ಯಾಶ್‌ಟ್ಯಾಗನ್ನು ಯೂಟ್ಯೂಬ್‌ನಲ್ಲೇ ಹುಡುಕಿ ಪುಟ ನೋಡಿ. ನನಗೆ #blouse ಹಾಕೋಣ ಅನ್ನಿಸಿತ್ತು. ತೆಗೆದು ನೋಡಿದರೆ ಬರೀ ಸೀರೆ ಮಾರಾಟ, ಫ್ಯಾಷನ್ ರೀಲ್ಸ್. ಹೊಲಿಗೆ ಕಲಿಯಲು ಬಂದವರಿಗೆ ಅಲ್ಲಿ ಏನಿದೆ? ಬಿಟ್ಟುಬಿಟ್ಟೆ. ಎರಡು ಪದದ ನಡುವೆ ಜಾಗ ಬಿಡಬೇಡಿ. "#blouse cutting" ಅಂತ ಬರೆದರೆ #blouse ಮಾತ್ರ ನೀಲಿ ಆಗುತ್ತದೆ, ಮತ್ತೆ ಅದೇ ಸೀರೆ ಅಂಗಡಿ ಪುಟ. ಕನ್ನಡದಲ್ಲಿ ಬರೆದರೂ ಇದೇ ಲೆಕ್ಕ, ಸೇವ್ ಮಾಡಿ ಎಷ್ಟು ಅಕ್ಷರ ನೀಲಿ ಆಯಿತು ನೋಡಿ, ಒಮ್ಮೆ ಒತ್ತಿ ನೋಡಿ.

ಈ ಮೂರನ್ನು ಡಿಸ್ಕ್ರಿಪ್ಷನ್‌ನ ಮೊದಲ ಸಾಲಿನಲ್ಲೇ ಬರೆಯಬೇಕು ಅಂತಲೂ ಅವರು ಹೇಳಿದ್ದರು. ಅದೂ ಸುಳ್ಳು. ಕೊನೆಯ ಸಾಲಿನಲ್ಲಿ ಬರೆದರೂ ಬರುತ್ತದೆ, ಡಿಸ್ಕ್ರಿಪ್ಷನ್‌ನಲ್ಲಿ ಬೇರೆ ಹ್ಯಾಶ್‌ಟ್ಯಾಗ್ ಇರಬಾರದು ಅಷ್ಟೇ. ಮ್ಯೂಸಿಕ್ ಕ್ರೆಡಿಟ್ ಅಂತ ಎಲ್ಲಿಂದಲೋ ಕಾಪಿ ಮಾಡಿದ ಸಾಲಿನಲ್ಲಿ ಹ್ಯಾಶ್‌ಟ್ಯಾಗ್ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ, ನೋಡಿಕೊಳ್ಳಿ. ಮೊದಲ ಸಾಲುಗಳನ್ನು ನಾನು ಅಳತೆಗೆ ಇಟ್ಟುಕೊಂಡಿದ್ದೇನೆ, ಎಷ್ಟು ಮೀಟರ್ ಬಟ್ಟೆ, ಯಾವ ಸೈಜ್ ಅಂತ. "ಇನ್ನಷ್ಟು" ಒತ್ತದೇ ಕಾಣುವುದು ಅದೇ ಅಲ್ವಾ.

ಈ ಮೂರು ಪದ ಹಾಕಿದ್ದಕ್ಕೆ ನನ್ನ ವ್ಯೂಸ್ ಏರಿ ಹೋಯಿತು ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳುವವರು ನಿಮಗೆ ಏನನ್ನೋ ಮಾರಲು ಬಂದಿದ್ದಾರೆ. "ಟಾಪ್ ಲೈನ್", "ಬ್ಲೂ ಲೈನ್", "ಟೈಟಲ್ ಬ್ರ್ಯಾಂಡಿಂಗ್" ಅಂತ ಫೋನ್ ಬಂದರೆ ಇಟ್ಟುಬಿಡಿ. ಈಗಾಗಲೇ ದುಡ್ಡು ಕೊಟ್ಟು ಸಿಕ್ಕಿಹಾಕಿಕೊಂಡಿದ್ದರೆ Settings ಒಳಗಿನ Permissions ನಲ್ಲಿ ಅವರ ಇಮೇಲ್ ತೆಗೆಯಿರಿ, ಆಮೇಲೆ Upload defaults ನೋಡಿ. ಅವರು ಕಳಿಸಿದ ಮೆಸೇಜ್‌ಗಳನ್ನು ಅಳಿಸಬೇಡಿ. ನಾನು ಎಲ್ಲವನ್ನೂ ಇಟ್ಟುಕೊಂಡಿದ್ದೇನೆ, ಯುಪಿಐ ರಸೀದಿ ಸಮೇತ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ, ದುಡ್ಡು ಇನ್ನೂ ಬಂದಿಲ್ಲ.