ಅಮೆರಿಕದ ಮಿಕ್ಸರ್‌ಗೆ ಆಟೋ ಟ್ರಾನ್ಸ್‌ಫಾರ್ಮರ್ ಸಾಕಾ, ಎರಡು ವೈಂಡಿಂಗ್ ಇರುವುದೇ ಬೇಕಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಒಂದೇ ವೈಂಡಿಂಗ್ ಇರುವ ಆಟೋ ಟ್ರಾನ್ಸ್‌ಫಾರ್ಮರ್‌ಗೆ. ಅಕ್ಕ ನ್ಯೂಜೆರ್ಸಿಯಿಂದ ವಾಪಸ್ ಬರುವಾಗ ಹಿಟ್ಟು ಕಲಸುವ ದೊಡ್ಡ ಮಿಕ್ಸರ್ ತಂದಳು. ಭಾವ ಒಂದು ಹಳೇ ವಾಲ್ವ್ ರೇಡಿಯೋ ತಂದರು. ಎರಡರ ಹಿಂದೆಯೂ 120 ವೋಲ್ಟ್ ಅಂತಿದೆ, ನಮ್ಮ ಗೋಡೆಯಲ್ಲಿ ಬರುವುದು 230. ಗೆಳೆಯನ ಹತ್ತಿರ 500 ವಿಎ ಎರಡು ವೈಂಡಿಂಗ್‌ನ ಟ್ರಾನ್ಸ್‌ಫಾರ್ಮರ್ ಇತ್ತು, ಎರವಲು ತಂದೆ. ಅಷ್ಟೇ ಶಕ್ತಿಯ ಆಟೋ ಒಂದನ್ನು ವೈಂಡಿಂಗ್ ಅಂಗಡಿಯಲ್ಲಿ ಸುತ್ತಿಸಿದೆ.

ಎತ್ತಿ ನೋಡಿದಾಗಲೇ ವ್ಯತ್ಯಾಸ ಗೊತ್ತಾಗುತ್ತದೆ. ಗೆಳೆಯನದನ್ನು ಅಡುಗೆಮನೆ ಕಟ್ಟೆ ಮೇಲಿಡಲು ಎರಡೂ ಕೈ ಬೇಕು. ನನ್ನದು ಹೆಚ್ಚುಕಮ್ಮಿ ಅದರ ಅರ್ಧ ತೂಕ. "ಸಾರ್, ಇದಕ್ಕೆ ಒಂದೇ ವೈಂಡಿಂಗ್ ಸಾಕು, ಎರಡನೇದಕ್ಕೆ ತಾಮ್ರ ಯಾಕೆ ದಂಡ?" ಅಂದಿದ್ದರು ಅಂಗಡಿಯವರು. ಮನೆಗೆ ಬಂದು ಲೆಕ್ಕ ಹಾಕಿದೆ, ಅವರು ಹೇಳಿದ್ದು ಅಕ್ಷರಶಃ ನಿಜ.

ಸುಲಭಕ್ಕೆ ಔಟ್‌ಪುಟ್ 115 ವೋಲ್ಟ್, ಲೋಡ್ 460 ವ್ಯಾಟ್ ಅಂತ ಇಟ್ಟುಕೊಳ್ಳಿ. ಮಿಕ್ಸರ್‌ಗೆ 4 ಆಂಪಿಯರ್ ಹೋಗಬೇಕು, ಗೋಡೆಯಿಂದ 2 ಆಂಪಿಯರ್ ಬರುತ್ತದೆ. ವೋಲ್ಟಿಗೆ 2 ಸುತ್ತು ಅಂತಾದರೆ ಎರಡು ವೈಂಡಿಂಗ್‌ನದರಲ್ಲಿ ಗೋಡೆ ಕಡೆಯ ಪ್ರೈಮರಿಗೆ 460 ಸುತ್ತು, ಮಿಕ್ಸರ್ ಕಡೆಯ ಸೆಕೆಂಡರಿಗೆ 230 ಸುತ್ತು ಬೇಕು. ಸೆಕೆಂಡರಿಯಲ್ಲಿ ಸುತ್ತು ಅರ್ಧ, ಕರೆಂಟು ಎರಡರಷ್ಟು, ಹಾಗಾಗಿ ತಂತಿ ದಪ್ಪ. ಕೊನೆಗೆ ಎರಡೂ ಸುಮಾರು ಒಂದೇ ತೂಕದ ತಾಮ್ರ ತಿನ್ನುತ್ತವೆ.

ಆಟೋದಲ್ಲಿ ಇರುವುದು ಅದೇ 460 ಸುತ್ತಿನ ಒಂದೇ ವೈಂಡಿಂಗ್, ನಟ್ಟನಡುವಿಂದ ತಂತಿ ಹೊರತೆಗೆದ ಒಂದು ಟ್ಯಾಪ್. ಮೇಲಿನ ಅರ್ಧದಲ್ಲಿ ಗೋಡೆಯ 2 ಆಂಪಿಯರ್ ಹರಿದು ನೇರವಾಗಿ ಮಿಕ್ಸರ್‌ಗೆ ಹೋಗುತ್ತದೆ. ಉಳಿದ 2 ಆಂಪಿಯರ್ ಕೆಳಗಿನ ಅರ್ಧದಿಂದ ಟ್ಯಾಪ್‌ಗೆ ಬಂದು ಸೇರುತ್ತದೆ. ಅಂದರೆ ಎಲ್ಲೂ 2 ಆಂಪಿಯರ್‌ಗಿಂತ ಜಾಸ್ತಿ ಇಲ್ಲ, ಉದ್ದಕ್ಕೂ ಒಂದೇ ಗೇಜಿನ ತಂತಿ ಸಾಕು. ದಪ್ಪ ತಂತಿಯ ಸೆಕೆಂಡರಿ ಪೂರ್ತಿ ಮಾಯ. ಅರ್ಧ ಶಕ್ತಿ ತಂತಿಯಲ್ಲೇ ನೇರ ಹೋಗುವುದರಿಂದ ಕಬ್ಬಿಣದ ಕೋರ್ ಕೂಡ ಚಿಕ್ಕದು.

ಆದರೆ ಈ ಅರ್ಧಕ್ಕರ್ಧ ಉಳಿತಾಯ 230ರಿಂದ 115ಕ್ಕೆ ಮಾತ್ರ. ಎಷ್ಟು ತಾಮ್ರ ಉಳಿಯುತ್ತದೆ ಅಂತ ತಿಳಿಯಲು ಕಡಿಮೆ ವೋಲ್ಟೇಜನ್ನು ಜಾಸ್ತಿ ವೋಲ್ಟೇಜಿನಿಂದ ಭಾಗಿಸಿ. ಊರಿನ ಮನೆಯಲ್ಲಿ 190 ಬರುತ್ತಿದ್ದು ಅದನ್ನು 230ಕ್ಕೆ ಏರಿಸಬೇಕಾದರೆ ಉಳಿತಾಯ ಸುಮಾರು 83 ಶೇಕಡಾ. ಸ್ಟೆಬಿಲೈಸರ್ ಒಳಗೆ ಆಟೋ ಇರುವುದು ಸುಮ್ನೆ ಅಲ್ಲ. ಅದೇ 230ರಿಂದ 12 ವೋಲ್ಟಿಗೆ ಇಳಿಸುವುದಾದರೆ ಉಳಿಯುವುದು ಬರೀ 5 ಶೇಕಡಾ. ಅಷ್ಟಕ್ಕೋಸ್ಕರ 12 ವೋಲ್ಟಿನ ಸಾಮಾನನ್ನು 230ರ ತಂತಿಗೆ ಕಟ್ಟಿಹಾಕುವುದು ಹುಚ್ಚುತನ.

ಇನ್ನು ತಲೆನೋವಿನ ವಿಷಯ. ಒಂದೇ ವೈಂಡಿಂಗ್ ಅಂದರೆ ಇನ್‌ಪುಟ್‌ಗೂ ಔಟ್‌ಪುಟ್‌ಗೂ ಒಂದು ತುದಿ ಕಾಮನ್. ಆ ತುದಿ ನ್ಯೂಟ್ರಲ್‌ಗೇ ಹೋಗಬೇಕು. ಆಗ ಅರ್ತ್‌ಗೆ ಹೋಲಿಸಿದರೆ ಔಟ್‌ಪುಟ್‌ನ ಒಂದು ತೂತಿನಲ್ಲಿ ಸುಮಾರು 0, ಇನ್ನೊಂದರಲ್ಲಿ 115. ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾದರೆ ಒಂದರಲ್ಲಿ 230, ಇನ್ನೊಂದರಲ್ಲಿ 115. ಎರಡರ ನಡುವಿನ ವ್ಯತ್ಯಾಸ ಆಗಲೂ 115 ವೋಲ್ಟೇ! ಮಿಕ್ಸರ್ ಎಂದಿನಂತೆ ತಿರುಗುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಅಂಗಡಿಯವರು ಇಂಥ ಪೆಟ್ಟಿಗೆಗೆ ಎರಡು ಪಿನ್ನಿನ ಪ್ಲಗ್ ಹಾಕಿ ಕೊಟ್ಟಿದ್ದರು. ಅದನ್ನು ಹೇಗೆ ಬೇಕಾದರೂ ತಿರುಗಿಸಿ ಚುಚ್ಚಬಹುದು. ಮೂರು ಪಿನ್ನಿನದು ಹಾಕಿಸಿದೆ, ಅರ್ತ್ ತಂತಿಯನ್ನು ಔಟ್‌ಪುಟ್ ಸಾಕೆಟ್‌ವರೆಗೂ ಎಳೆಸಿದೆ. ಆಮೇಲೆ ಮಲ್ಟಿಮೀಟರ್‌ನ ಒಂದು ಕಡ್ಡಿಯನ್ನು ಅರ್ತ್‌ಗಿಟ್ಟು, ಇನ್ನೊಂದನ್ನು ಔಟ್‌ಪುಟ್‌ನ ಎರಡೂ ತೂತಿಗೆ ಸರದಿಯಲ್ಲಿ ಹಿಡಿದೆ. ಒಂದರಲ್ಲಿ 230 ಚಿಲ್ಲರೆ ತೋರಿಸಿತು. ಈ ಬಾಡಿಗೆ ಮನೆಗೆ ವೈರಿಂಗ್ ಮಾಡಿದವರು ಅಡುಗೆಮನೆಯ ಸಾಕೆಟ್‌ಗೆ ಉಲ್ಟಾ ಕನೆಕ್ಷನ್ ಕೊಟ್ಟಿದ್ದರು. ನಮ್ಮ ಸಾಕೆಟ್‌ನಲ್ಲಿ ದೊಡ್ಡ ಅರ್ತ್ ತೂತು ಮೇಲಿರುವಾಗ ಫೇಸ್ ಬಲಕ್ಕಿರಬೇಕು, ಇಲ್ಲಿ ಎಡಕ್ಕಿತ್ತು. ಮಿಕ್ಸಿ, ಗ್ರೈಂಡರ್ ಎಲ್ಲಾ ಇಷ್ಟು ದಿನ ಅದರಲ್ಲೇ ಓಡಿದ್ದವು. ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸಿದ ಮೇಲೇ ಆಟೋವನ್ನು ಅಲ್ಲಿಗೆ ಕಾಯಂ ಮಾಡಿದ್ದು.

ಹಾಗೇ ಬಿಟ್ಟಿದ್ದರೆ ಏನಾಗುತ್ತಿತ್ತು? ಔಟ್‌ಪುಟ್‌ಗೆ ಹಾಕಿದ ಸಾಮಾನಿನ ಸ್ವಿಚ್ ಸಾಮಾನ್ಯವಾಗಿ ಒಂದೇ ತಂತಿಯನ್ನು ಕಡಿಯುತ್ತದೆ. ಸ್ವಿಚ್ ಆಫ್ ಮಾಡಿದರೂ ನ್ಯೂಟ್ರಲ್ ಅಂದುಕೊಂಡ ತಂತಿ 230ರಲ್ಲೇ ನಿಂತಿರುತ್ತದೆ. ಅರ್ತ್ ಇರುವ ಮಿಕ್ಸರ್‌ನಲ್ಲಿ ಬಚಾವಾಗಬಹುದು. ಭಾವನ ರೇಡಿಯೋದಲ್ಲಿ ಆಗುವುದಿಲ್ಲ. ಆ ಕಾಲದ ಅಗ್ಗದ ಅಮೆರಿಕನ್ ಐದು ವಾಲ್ವ್ ರೇಡಿಯೋಗಳಲ್ಲಿ ಪವರ್ ಟ್ರಾನ್ಸ್‌ಫಾರ್ಮರೇ ಇಲ್ಲ. ವಾಲ್ವ್‌ಗಳ ಐದು ಹೀಟರುಗಳನ್ನು ಸಾಲಾಗಿ ಜೋಡಿಸಿರುತ್ತಾರೆ, 12, 12, 12, 35, 50 ವೋಲ್ಟ್ ಸೇರಿ 120ರ ಹತ್ತಿರ ಬರುತ್ತದೆ. ಎಷ್ಟೋ ಸೆಟ್‌ಗಳಲ್ಲಿ ತಗಡಿನ ಚಾಸಿಯೇ ಲೈನಿನ ಒಂದು ತಂತಿ. ಅದಕ್ಕೆ ಅರ್ತ್ ಪಿನ್ ಕೂಡ ಇಲ್ಲ. ಆಟೋಗೆ ಹಾಕಿ, ಹಿಡಿ ಕಳಚಿದ ಗುಂಡಿಯ ಲೋಹದ ಕಡ್ಡಿ ಮುಟ್ಟಿದರೆ ಫೇಸನ್ನೇ ಮುಟ್ಟಿದ ಹಾಗೆ. ರೇಡಿಯೋಗೆ ಮಾತ್ರ ಚಿಕ್ಕ 100 ವಿಎ ಎರಡು ವೈಂಡಿಂಗ್‌ನದನ್ನೇ ತಂದೆ. ಅದರಲ್ಲಿ ಸೆಕೆಂಡರಿಗೆ ಗೋಡೆಯ ಸಂಬಂಧವೇ ಇರುವುದಿಲ್ಲ, ಒಂದು ತುದಿ ಮುಟ್ಟಿದರೆ ಕರೆಂಟು ವಾಪಸ್ ಹೋಗಲು ದಾರಿ ಇಲ್ಲ. ಎರಡೂ ತುದಿ ಮುಟ್ಟಿದರೆ ಅದೂ ಹೊಡೆಯುತ್ತದೆ, ಅದು ಬೇರೆ ಮಾತು.

ಹಂಚಿಕೊಂಡ ವೈಂಡಿಂಗ್‌ಗೆ ಇನ್ನೊಂದು ಕಾಯಿಲೆ ಇದೆ. ಟ್ಯಾಪ್‌ಗೂ ನ್ಯೂಟ್ರಲ್‌ಗೂ ನಡುವಿನ ತಂತಿ ಕಡಿದರೆ ಔಟ್‌ಪುಟ್ ಸಾಯುವುದಿಲ್ಲ, ಏರುತ್ತದೆ. ಮೇಲಿನ ಅರ್ಧದ ಮೂಲಕ ಗೋಡೆಯ ವೋಲ್ಟೇಜ್ ಬರುತ್ತಲೇ ಇರುತ್ತದೆ. ಚಾರ್ಜರ್‌ನಂಥ ಹಗುರ ಲೋಡ್ ಆದರೆ ಹತ್ತಿರಹತ್ತಿರ ಪೂರ್ತಿ 230 ತಿನ್ನುತ್ತದೆ. ಫ್ಯೂಸ್ ಇದನ್ನು ತಡೆಯುತ್ತದೆ ಅಂತ ನೆಚ್ಚಿಕೊಳ್ಳುವಂತಿಲ್ಲ. ಎರಡು ವೈಂಡಿಂಗ್‌ನದರಲ್ಲಿ ಯಾವ ತಂತಿ ಕಡಿದರೂ ಔಟ್‌ಪುಟ್ ಸೊನ್ನೆ. ಅದಕ್ಕೇ ಆಗಾಗ ಪ್ಲಗ್ ಕಿತ್ತು, ಲೋಡ್ ತೆಗೆದು, ಔಟ್‌ಪುಟ್‌ನ ಎರಡು ತೂತಿನ ನಡುವೆ ಓಮ್ಸ್ ನೋಡುತ್ತೇನೆ. ಕೆಲವೇ ಓಮ್ಸ್ ಬರಬೇಕು. ಏನೂ ಬರದಿದ್ದರೆ ಪೆಟ್ಟಿಗೆ ಮತ್ತೆ ಅಂಗಡಿಗೆ.

ಎರಡು ವೈಂಡಿಂಗ್ ಅಂದರೆ ಪೂರ್ತಿ ಸೇಫ್ ಅಂತ ಹೇಳುವವರು ಒಂದು ಮಾತನ್ನು ಹೇಳದೇ ಬಿಡುತ್ತಾರೆ. ಅದರ ಸೆಕೆಂಡರಿ ಕಡೆ ಅರ್ತ್‌ಗೆ ಲೀಕ್ ಆದರೆ ಲೀಕ್ ಕಂಡರೆ ಕರೆಂಟು ಕಡಿಯುವ ಮನೆಯ ಆರ್‌ಸಿಸಿಬಿ ಸ್ವಿಚ್‌ಗೆ ಸುದ್ದಿಯೇ ಮುಟ್ಟುವುದಿಲ್ಲ. ಆಟೋದಲ್ಲಿ ಲೀಕ್ ಆದ ಕರೆಂಟು ನೇರ ಲೆಕ್ಕಕ್ಕೆ ಸಿಗುತ್ತದೆ, ಆರ್‌ಸಿಸಿಬಿ ಬೀಳುತ್ತದೆ. ನನ್ನ ಮನೆಯಲ್ಲಿ ಅದು ಇದೆ, ಹಾಗಾಗಿ ಇದು ನನಗೆ ಆಟೋ ಪರವಾದ ವಾದ.

ಗಟ್ಟಿ ಹಿಟ್ಟು ಸಿಕ್ಕಾಗ ವೋಲ್ಟೇಜ್ ಕುಸಿಯುವುದು ಆಟೋದಲ್ಲೇ ಕಡಿಮೆ. ಅದೇ ಕಾರಣಕ್ಕೆ ಶಾರ್ಟ್ ಆದಾಗ ಹರಿಯುವ ಕರೆಂಟೂ ಜಾಸ್ತಿ, ಔಟ್‌ಪುಟ್‌ಗೆ ಫ್ಯೂಸ್ ಬೇಕೇ ಬೇಕು. ಅಮೆರಿಕದ ಕರೆಂಟು 60 ಹರ್ಟ್ಸ್, ನಮ್ಮದು 50, ಆ ಪ್ರಶ್ನೆಗೆ ಎರಡರಲ್ಲೂ ಉತ್ತರ ಇಲ್ಲ. ಬ್ರಷ್ ಇರುವ ಮೋಟರ್‌ಗೆ ಅದರ ಚಿಂತೆಯೂ ಇಲ್ಲ.

ನನಗೆ ಬೇಕಿದ್ದದ್ದು ಒಂದೇ ಜಾಗದಲ್ಲಿ, ಒಂದೇ ಸಾಕೆಟ್‌ನಲ್ಲಿ ಕೂರುವ ಪೆಟ್ಟಿಗೆ. ವಾರಕ್ಕೊಮ್ಮೆ ಬ್ರೆಡ್ ಹಿಟ್ಟು, ಹಬ್ಬಕ್ಕೆ ಹೋಳಿಗೆ ಕಣಕ. ಅದಕ್ಕೆ ಎರಡರಷ್ಟು ತಾಮ್ರದ ದುಡ್ಡು ಕೊಡಲು ನನಗೆ ಮನಸ್ಸಿಲ್ಲ. ಬಾಡಿಗೆ ಮನೆ ಬದಲಾಯಿಸುತ್ತಾ ಇರುವವರು, ಸಿಕ್ಕ ಸಾಕೆಟ್‌ಗೆಲ್ಲಾ ಚುಚ್ಚುವವರು, ಮೀಟರ್ ಹಿಡಿಯಲು ಬೇಸರಪಡುವವರು ಭಾರವಾದರೂ ಎರಡು ವೈಂಡಿಂಗ್‌ನದನ್ನೇ ತಗೊಳ್ಳಿ. ಗೆಳೆಯನದನ್ನು ವಾಪಸ್ ಕೊಟ್ಟಿದ್ದೇನೆ. ಆಟೋ ಪೆಟ್ಟಿಗೆ ಮೇಲೆ "ಈ ಸಾಕೆಟ್‌ಗೆ ಮಾತ್ರ, ರೇಡಿಯೋ ಹಾಕಬೇಡಿ" ಅಂತ ಮಾರ್ಕರ್‌ನಲ್ಲಿ ಬರೆದಿದ್ದೇನೆ.